ಒಂದೇ ಬಚ್ಚಲು, ಮಂಡಿ ನೋವಿನ ಅತ್ತೆ, ಕಮೋಡ್ ಬೇಡ ಅನ್ನುವ ಮಾವ: ಹಳೇ ಪ್ಯಾನ್ ತೆಗೆಸಬೇಕಾ?

ಹಾಸನದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನದಲ್ಲಿ 1994ರಲ್ಲಿ ಕಟ್ಟಿದ ಒಂದೇ ಅಂತಸ್ತಿನ ಮನೆ. ಐದು ಜನಕ್ಕೆ ಇರುವುದು ಒಂದೇ ಬಚ್ಚಲು. ಸ್ನಾನ, ಟಾಯ್ಲೆಟ್ ಎರಡೂ ಅದರಲ್ಲೇ. ಒಳಗಿನ ಅಳತೆ 4 ಅಡಿ ಅಗಲ, ಆರೂವರೆ ಅಡಿ ಉದ್ದ. ಕೊನೆಯಲ್ಲಿ ಒಂದು ಮೆಟ್ಟಿಲು ಎತ್ತರದ ಕಟ್ಟೆ ಮೇಲೆ ಹಳೇ ಇಂಡಿಯನ್ ಪ್ಯಾನ್ ಇದೆ.

ಅತ್ತೆಗೆ 71. ಎರಡೂ ಮಂಡಿ ಸವೆದಿದೆ. ಕೂತರೆ ಏಳುವುದು ಕಷ್ಟ, ಹೋದ ತಿಂಗಳು ಏಳುವಾಗ ಟವೆಲ್ ರಾಡ್ ಹಿಡಿದರು, ಅದು ಗೋಡೆಯಿಂದ ಕಿತ್ತುಕೊಂಡು ಬಂತು. ಪುಣ್ಯಕ್ಕೆ ಗೋಡೆಗೆ ಒರಗಿ ನಿಂತರು, ಬೀಳಲಿಲ್ಲ. ಆವತ್ತಿನಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ರಾತ್ರಿ ಅವರು ಎದ್ದರೆ ನಾನೂ ಏಳುತ್ತೇನೆ.

ಮಾವನಿಗೆ 76. ಅವರು ಇವತ್ತಿಗೂ ಆರಾಮಾಗಿ ಕುಕ್ಕುರುಗಾಲಲ್ಲಿ ಕೂರುತ್ತಾರೆ. ಕಮೋಡ್ ಮೇಲೆ ಕೂತರೆ ಹೊಟ್ಟೆ ಸಾಫಾಗುವುದಿಲ್ಲ ಅನ್ನುತ್ತಾರೆ. ಮಗಳ ಮನೆಗೆ ಹೋದಾಗ ಮೂರು ದಿನ ಒದ್ದಾಡಿದ್ದು ನಿಜ, ಸುಮ್ನೆ ಹಟ ಅಲ್ಲ.

ಎರಡನ್ನೂ ಹಾಕಿಸಲು ಜಾಗ ಇಲ್ಲ. ಏನು ಮಾಡಲಿ?

ಬೆಳಗಿನ ನಡಿಗೆ

ನಿಮ್ಮ ಮಾವ ಹೇಳುವುದು ನೂರಕ್ಕೆ ನೂರು ಸರಿ. ಕುಕ್ಕುರುಗಾಲಲ್ಲಿ ಕೂತಾಗ ಕರುಳಿನ ಕೊನೆಯ ತಿರುವು ಹೆಚ್ಚು ನೇರವಾಗುತ್ತದೆ, ಅಷ್ಟಾಗಿ ತಿಣುಕಬೇಕಾಗಿಲ್ಲ. ಕಮೋಡ್ ಬಂದ ಮೇಲೇ ಮಂಡಿ ಕೆಟ್ಟಿದ್ದು, ಏಕೆಂದರೆ ಮಂಡಿ ಮಡಚುವುದೇ ನಿಂತುಹೋಯಿತು. ಅತ್ತೆಯವರಿಗೆ ದಿನಾ ಸ್ವಲ್ಪ ಸ್ವಲ್ಪ ಕೂತು ಏಳುವ ಅಭ್ಯಾಸ ಮಾಡಿಸಿ. ಪ್ಯಾನ್ ತೆಗೆಸಬೇಡಿ.

ತಾಲ್ಲೂಕು ಆಸ್ಪತ್ರೆಯ ಸಿಸ್ಟರ್

ಮೇಲಿನವರ ಮೊದಲ ಮಾತು ಒಪ್ಪುತ್ತೇನೆ, ಎರಡನೆಯದು ಒಪ್ಪಲಾರೆ. ಸವೆದ ಮಂಡಿಯನ್ನು ಪೂರ್ತಿ ಮಡಚಿ, ಅದರ ಮೇಲೆ ಮೈಭಾರ ಹಾಕಿ ಏಳಿಸಿದರೆ ನೋವು ಜಾಸ್ತಿ ಆಗುತ್ತದೆ ಅಷ್ಟೇ. ಮಂಡಿಗೆ ವ್ಯಾಯಾಮ ಬೇಕು ನಿಜ. ಅದನ್ನು ಕುರ್ಚಿ ಮೇಲೆ ಕೂತು ಕಾಲು ನೀಡಿ ಮಾಡಿಸುತ್ತಾರೆ, ಒದ್ದೆ ಟೈಲ್ಸ್ ಮೇಲೆ ಅಲ್ಲ. ಮುಂದೆ ಅತ್ತೆಯವರಿಗೆ ಮಂಡಿ ಬದಲಿಸುವ ಆಪರೇಷನ್ ಆದರೆ ಡಾಕ್ಟರು ಹೇಗೂ ನೆಲದ ಮೇಲೆ, ಇಂಡಿಯನ್ ಪ್ಯಾನ್ ಮೇಲೆ ಕೂರಬೇಡಿ ಅಂತಲೇ ಹೇಳುತ್ತಾರೆ.

ಇನ್ನೊಂದು ಮಾತು. ಬಿಪಿ ಮಾತ್ರೆ ತಗೊಳ್ಳುವ ವಯಸ್ಸಾದವರು ಕುಕ್ಕುರುಗಾಲಿನಿಂದ ತಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಅಲ್ಲೇ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಬಂದವರನ್ನು ನಮ್ಮ ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಮಾವನವರಿಗೆ ಬಿಪಿ ಇದೆಯಾ, ಕೇಳಿ ನೋಡಿ. ಈಗ ಆರಾಮಾಗಿ ಕೂರುತ್ತಾರೆ ಅನ್ನುವುದು ಇನ್ನೈದು ವರ್ಷಕ್ಕೂ ಇರುತ್ತದಾ?

ಹಾಸನದ ಸೊಸೆ

ಇದೆ ಸಿಸ್ಟರ್, ಹತ್ತು ವರ್ಷದಿಂದ ಮಾತ್ರೆ ತಗೊಳ್ಳುತ್ತಾರೆ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಶಿವಮೊಗ್ಗ ಸೀಮೆ

ಇದಕ್ಕೆ ಅಷ್ಟೆಲ್ಲ ಯೋಚನೆ ಯಾಕೆ? ಆಂಗ್ಲೋ ಇಂಡಿಯನ್ ಕಮೋಡ್ ಹಾಕಿಸಿ. ಸೀಟ್ ಇಳಿಸಿದರೆ ಅತ್ತೆ ಕೂರುತ್ತಾರೆ, ಎತ್ತಿದರೆ ಮಾವ ಮೇಲೆ ಕಾಲಿಟ್ಟು ಕೂರುತ್ತಾರೆ. ನಮ್ಮ ಪಕ್ಕದ ಮನೆಯಲ್ಲಿ ಹಳೇ ಪ್ಯಾನ್ ಒಡೆದು, ಅದೇ ತೂತಿನ ಮೇಲೆ ಕಮೋಡ್ ಕೂರಿಸಿ ಸಿಮೆಂಟ್ ಹಾಕಿದರು. ಒಂದೇ ದಿನದ ಕೆಲಸ, ನೆಲ ಅಗೆಯುವ ಗೋಜೇ ಇಲ್ಲ.

ನಲ್ಲಿ ಕೆಲಸ ಮೈಸೂರು

ಇಪ್ಪತ್ತೆರಡು ವರ್ಷದಿಂದ ಪ್ಲಂಬಿಂಗ್ ಕೆಲಸ ಮಾಡುತ್ತಿದ್ದೇನೆ. ಮೇಲಿನ ಅಣ್ಣ ಹೇಳಿದ "ಅದೇ ತೂತಿನ ಮೇಲೆ ಕೂರಿಸಿ" ಅನ್ನುವ ಮಾತಿಗೆ ಉತ್ತರ ಕೊಡಲೇಬೇಕು. ನನಗೆ ಬರುವ ರಿಪೇರಿ ಕರೆಗಳಲ್ಲಿ ಬಹಳಷ್ಟು ಅದರಿಂದಲೇ ಬರುತ್ತವೆ.

ಇಂಡಿಯನ್ ಪ್ಯಾನ್‌ನಲ್ಲಿ ವಾಸನೆ ತಡೆಯುವ ನೀರು ಪ್ಯಾನ್ ಒಳಗೆ ನಿಲ್ಲುವುದಿಲ್ಲ. ಅದರ ಕೆಳಗೆ ನೆಲದೊಳಗೆ ಬೇರೆಯಾಗಿ ಒಂದು ಬಾಗಿದ ಟ್ರ್ಯಾಪ್ ಕೂರಿಸಿರುತ್ತಾರೆ, ನೀರು ಅಲ್ಲಿ ನಿಲ್ಲುತ್ತದೆ. ವೆಸ್ಟರ್ನ್ ಕಮೋಡ್‌ಗೆ ಆ ಬಾಗು ಅದರ ಹೊಟ್ಟೆಯಲ್ಲೇ ಇದೆ. ಹಳೇ ಟ್ರ್ಯಾಪ್ ತೆಗೆಯದೆ ಮೇಲೆ ಕಮೋಡ್ ಕೂರಿಸಿದರೆ ಒಂದೇ ದಾರಿಯಲ್ಲಿ ಎರಡು ಕಡೆ ನೀರು ನಿಲ್ಲುತ್ತದೆ, ಮಧ್ಯದಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಫ್ಲಶ್ ಒತ್ತಿದಾಗ ಆ ಗಾಳಿಗೆ ಹೋಗಲು ದಾರಿ ಇಲ್ಲ, ನೀರನ್ನು ತಡೆಯುತ್ತದೆ.

ಗುರುತು ಹಿಡಿಯುವುದು ಸುಲಭ. ಫ್ಲಶ್ ಮಾಡಿದರೆ ನೀರು ಮೊದಲು ಮೇಲೆ ಏರುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ, ಕೊನೆಯಲ್ಲಿ ಗುಳುಗುಳು ಅನ್ನುತ್ತದೆ. ಒಂದು ಫ್ಲಶ್‌ಗೆ ಹೋಗದೆ ಎರಡು ಮೂರು ಸಲ ಒತ್ತಬೇಕಾಗುತ್ತದೆ. ಮನೆಯವರು ಟ್ಯಾಂಕ್ ಸರಿಯಿಲ್ಲ ಅಂದುಕೊಂಡು ಟ್ಯಾಂಕ್ ಬದಲಿಸುತ್ತಾರೆ, ಆಗಲೂ ಹಾಗೇ. ಕೊನೆಗೆ ಕಮೋಡ್ ಕಿತ್ತು ನೋಡಿದರೆ ಕೆಳಗೆ ಹಳೇ ಟ್ರ್ಯಾಪ್ ಹಾಗೇ ಕೂತಿರುತ್ತದೆ. ಶಿವಮೊಗ್ಗದ ಅಣ್ಣ, ನಿಮ್ಮ ಪಕ್ಕದ ಮನೆಯವರನ್ನು ಒಮ್ಮೆ ಕೇಳಿ ನೋಡಿ.

ಅಕ್ಕ, ನಿಮ್ಮ ಮನೆಗೆ ದಾರಿ ಹೇಳುವ ಮುಂಚೆ ಮೂರು ವಿಷಯ ಬೇಕು. ಪ್ಯಾನ್‌ನ ತೂತು ಹಿಂದಿನ ಗೋಡೆಯಿಂದ ಎಷ್ಟು ಇಂಚು? ಆ ಗೋಡೆಯ ಆಚೆ ಬಯಲಾ, ಇನ್ನೊಂದು ರೂಮಾ? ಟಾಯ್ಲೆಟ್ ನೀರು ಹೋಗಿ ಸೇರುವ ಚೇಂಬರ್ ಎಲ್ಲಿದೆ?

ಶಿವಮೊಗ್ಗ ಸೀಮೆ

ಕೇಳಿದೆ. ಎರಡು ಸಲ ಒತ್ತಬೇಕಾಗುತ್ತದೆ ಅಂದರು. ನೀರಿನ ಒತ್ತಡ ಕಡಿಮೆ ಅಂತ ಅಂದುಕೊಂಡಿದ್ದರಂತೆ. ಆಂಗ್ಲೋ ಇಂಡಿಯನ್ ವಿಷಯದಲ್ಲಿ ಮಾತ್ರ ನನ್ನ ಮಾತು ಅದೇ. ನಮ್ಮ ಮನೆಯಲ್ಲಿ ಹದಿನೈದು ವರ್ಷದಿಂದ ಇದೆ, ಏನೂ ಆಗಿಲ್ಲ.

ಬೆಂಗಳೂರು ಬಾಡಿಗೆ ಮನೆ

ನಂದೂ ಇದೇ ಕಥೆ, ಆದರೆ ಬಾಡಿಗೆ ಮನೆ. ಓನರ್ ಒಂದು ಟೈಲ್ಸ್ ಮುಟ್ಟಲು ಬಿಡುವುದಿಲ್ಲ. ಅಮ್ಮ ಊರಿಂದ ಬಂದು ಮೂರು ತಿಂಗಳು ಇರುತ್ತಾರೆ. ಇಂಡಿಯನ್ ಪ್ಯಾನ್ ಮೇಲೆ ಇಡುವ ಕಮೋಡ್ ಕುರ್ಚಿ ನೋಡಿದೆ. ಯಾರಾದರೂ ಬಳಸಿದ್ದೀರಾ?

ತಾಲ್ಲೂಕು ಆಸ್ಪತ್ರೆಯ ಸಿಸ್ಟರ್

ಬಳಸಿದ್ದೇವೆ, ಮೂರು ತಿಂಗಳಿಗೆ ಅದು ಸಾಕು. ಕೆಳಗಿನ ಬಕೆಟ್ ತೆಗೆದು ಕುರ್ಚಿಯನ್ನು ಪ್ಯಾನ್ ಮೇಲೆ ನೇರವಾಗಿ ಇಡಬೇಕು. ಕೊಳ್ಳುವ ಮುಂಚೆ ಪ್ಯಾನ್‌ನ ಅಗಲ ಅಳೆಯಿರಿ. ನಾಲ್ಕೂ ಕಾಲು ಪ್ಯಾನ್‌ನ ಆಚೆ ಸಮ ನೆಲದ ಮೇಲೆ ಬರಬೇಕು. ಒಂದು ಕಾಲು ಪ್ಯಾನ್‌ನ ಅಂಚಿನ ಮೇಲೆ ಬಂದರೂ ಕುರ್ಚಿ ಅಲುಗಾಡುತ್ತದೆ. ಕಾಲಿಗೆ ರಬ್ಬರ್ ಬುಷ್ ಇರಲಿ, ಎರಡು ಕಡೆ ಕೈ ಇರಲಿ. ಮಡಚುವ ಹಗುರ ಕುರ್ಚಿ ಬೇಡ. ಮೊದಲೇ ಪ್ಯಾನ್‌ಗೆ ಒಂದು ಚೊಂಬು ನೀರು ಹಾಕಿ ಒದ್ದೆ ಮಾಡಿಡಿ.

ಹಾಸನದ ಅಕ್ಕನ ಮನೆಯಲ್ಲಿ ಪ್ಯಾನ್ ಕಟ್ಟೆ ಮೇಲಿದೆ. ಕುರ್ಚಿಯ ಮುಂದಿನ ಕಾಲು ಕಟ್ಟೆಯ ತುದಿಗೆ ಬಂದರೆ ತುಂಬಾ ಅಪಾಯ. ಅಲ್ಲಿ ಇದು ಬೇಡ.

ಹಾಸನದ ಸೊಸೆ

ಮೈಸೂರಿನ ಅಣ್ಣ, ಅಳೆದೆ. ತೂತಿನ ಮಧ್ಯದಿಂದ ಹಿಂದಿನ ಗೋಡೆಗೆ 17 ಇಂಚು. ಗೋಡೆಯ ಆಚೆ ಹಿತ್ತಲು, ಎರಡೂವರೆ ಅಡಿ ಜಾಗ ಇದೆ. ಚೇಂಬರ್ ಅಲ್ಲೇ, ಗೋಡೆಯಿಂದ ಸುಮಾರು 2 ಅಡಿ ದೂರ. ಗೋಡೆ ಇಟ್ಟಿಗೆಯದು, 9 ಇಂಚು ದಪ್ಪ. ಕಟ್ಟೆ 7 ಇಂಚು ಎತ್ತರ.

ನಮ್ಮ ಮೇಸ್ತ್ರಿ ಬಂದು ನೋಡಿದರು. 12 ಇಂಚಿನ ಕಮೋಡ್ ತಂದು ಕಟ್ಟೆ ಮೇಲೇ ಕೂರಿಸುತ್ತೇನೆ ಅನ್ನುತ್ತಾರೆ. ಕಟ್ಟೆ ಒಡೆದರೆ ಖರ್ಚು ಜಾಸ್ತಿ ಅಂತೆ.

ನಲ್ಲಿ ಕೆಲಸ ಮೈಸೂರು

ಒಳ್ಳೆ ಸುದ್ದಿ ಅಕ್ಕ. ಹಿಂದೆ ಬಯಲಿದೆ, ಚೇಂಬರ್ ಹತ್ತಿರ ಇದೆ. ಇದಕ್ಕಿಂತ ಅನುಕೂಲದ ಜಾಗ ಸಿಗುವುದಿಲ್ಲ.

ಮೇಸ್ತ್ರಿ ಹೇಳಿದ್ದು ಎರಡು ಕಾರಣಕ್ಕೆ ಬೇಡ. ನೆಲಕ್ಕೆ ನೀರು ಬಿಡುವ ಕಮೋಡ್‌ಗೆ ಎಸ್ ಟ್ರ್ಯಾಪ್ ಅನ್ನುತ್ತಾರೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಗೋಡೆಯಿಂದ 9 ಇಂಚು ಅಥವಾ 12 ಇಂಚು ತೂತಿಗೆ ಹೊಂದುವಂಥದ್ದು. ನಿಮ್ಮದು 17. ಹನ್ನೆರಡರದ್ದು ಹಾಕಿದರೆ ಟ್ಯಾಂಕ್ ಹಿಂದೆ 5 ಇಂಚು ಖಾಲಿ ಬಿದ್ದು ಕಮೋಡ್ ಅಷ್ಟು ಮುಂದೆ ಬರುತ್ತದೆ. ಇಷ್ಟು ಚಿಕ್ಕ ಬಚ್ಚಲಲ್ಲಿ 5 ಇಂಚು ಸಣ್ಣ ಮಾತಲ್ಲ. ಎರಡನೆಯದು ಆ ಕಟ್ಟೆ. ಮಂಡಿ ನೋವಿನವರು ಒದ್ದೆ ಕಾಲಲ್ಲಿ 7 ಇಂಚು ಹತ್ತಿ, ತಿರುಗಿ, ಕೂರಬೇಕು. ಇಳಿಯುವಾಗ ಮೆಟ್ಟಿಲು ಕಣ್ಣಿಗೂ ಬೀಳುವುದಿಲ್ಲ. ಕಮೋಡ್ ಹಾಕಿಸುವುದೇ ಅತ್ತೆಯವರಿಗಾಗಿ ಅಂದಮೇಲೆ ಕಟ್ಟೆ ಉಳಿಸಬೇಡಿ.

ನಿಮಗೆ ಬೇಕಿರುವುದು ಪಿ ಟ್ರ್ಯಾಪ್ ಕಮೋಡ್. ಅದರ ಪೈಪು ನೆಲಕ್ಕೆ ಇಳಿಯದೆ ಹಿಂದಕ್ಕೆ, ಗೋಡೆಯೊಳಗಿಂದ ಆಚೆ ಹೋಗುತ್ತದೆ. ಕಟ್ಟೆ ಒಡೆದು ನೆಲವನ್ನು ಬಚ್ಚಲಿನ ಮಟ್ಟಕ್ಕೆ ತನ್ನಿ. ಗೋಡೆಯಲ್ಲಿ ಒಂದು ತೂತು ಕೊರೆದು 110 ಎಂಎಂ ಪೈಪು ಆಚೆ ತನ್ನಿ, ಅಲ್ಲಿಂದ ಚೇಂಬರ್‌ಗೆ ಇಳಿಸಿ. ಆಚೆ ತಿರುಗಿಸುವಾಗ 90 ಡಿಗ್ರಿಯ ಒಂದು ಎಲ್ಬೋ ಬದಲು 45 ಡಿಗ್ರಿಯ ಎರಡು ಬೆಂಡ್ ಹಾಕಿಸಿ, ಆಗ ಗಲೀಜು ಮೂಲೆಯಲ್ಲಿ ನಿಲ್ಲುವುದಿಲ್ಲ. ಅಲ್ಲೇ ಒಂದು ಟೀ ಜಾಯಿಂಟ್ ಹಾಕಿ ಗಾಳಿ ಪೈಪನ್ನು ಸೂರಿನ ಮೇಲಕ್ಕೆ ಒಯ್ಯಿರಿ. ಹಳೇ ಟ್ರ್ಯಾಪ್ ಕಿತ್ತು ಹಾಕಿ, ಹಳೇ ಪೈಪಿನ ಬಾಯಿಯನ್ನು ಚೇಂಬರ್ ಕಡೆಯಿಂದಲೂ ಮುಚ್ಚಿಸಿ. ಇಲ್ಲದಿದ್ದರೆ ಜಿರಳೆಗೆ ಅದೇ ಮನೆಯಾಗುತ್ತದೆ.

ಹೆಚ್ಚು ಜನ ತಪ್ಪುವುದು ಒಂದು ಕಡೆ. ಪಿ ಟ್ರ್ಯಾಪ್‌ನ ಬಾಯಿ ಸಾಮಾನ್ಯವಾಗಿ ನೆಲದಿಂದ 7 ಇಂಚು, ಅಂದರೆ ಸುಮಾರು 180 ಎಂಎಂ ಎತ್ತರದಲ್ಲಿ ಇರುತ್ತದೆ. ಈ ಅಳತೆ ಟೈಲ್ಸ್ ಹಾಕಿದ ಮೇಲಿನ ನೆಲದಿಂದ. ಮೇಸ್ತ್ರಿ ಒಡೆದ ನೆಲದಿಂದ ಅಳೆದು ತೂತು ಕೊರೆದರೆ, ಆಮೇಲೆ ಗಾರೆ, ಟೈಲ್ಸ್ ಸೇರಿ ಎರಡು ಇಂಚು ಏರುತ್ತದೆ, ಕಮೋಡ್ ಬಾಯಿ ಪೈಪಿಗಿಂತ ಮೇಲೆ ಹೋಗಿ ಕೂಡುವುದಿಲ್ಲ. ಅದಕ್ಕೆ ಕಮೋಡನ್ನು ಮೊದಲೇ ತಂದು ಮನೆಯಲ್ಲಿಟ್ಟುಕೊಳ್ಳಿ. ಅದರ ಬಾಯಿಯನ್ನೇ ಅಳೆದು ಗೋಡೆ ಮೇಲೆ ಗುರುತು ಹಾಕಿಸಿ.

ಕರಾವಳಿ ಗೃಹಿಣಿ

ನಮ್ಮ ಕಮೋಡ್‌ನಲ್ಲಿ ಬೋರ್‌ವೆಲ್ ನೀರಿನ ಹಳದಿ ಕಲೆ ಹೋಗುವುದೇ ಇಲ್ಲ. ಕಮೋಡ್ ತಗೊಂಡರೆ ಬಿಳಿ ಬಣ್ಣ ಬೇಡ ಅಂತ ನನ್ನ ಸಲಹೆ. ಯಾರಾದರೂ ಕಲೆ ತೆಗೆಯುವ ಉಪಾಯ ಹೇಳಿ.

ಮಂಡ್ಯದ ಮೇಷ್ಟ್ರು

ಸಣ್ಣ ಬಚ್ಚಲು ಅಂದರೆ ಗೋಡೆಗೆ ತೂಗುವ ಕಮೋಡ್ ಹಾಕಿಸಿ. ಟ್ಯಾಂಕ್ ಗೋಡೆ ಒಳಗೆ ಹೋಗುತ್ತದೆ, ಜಾಗ ಉಳಿಯುತ್ತದೆ, ಕೆಳಗೆ ಒರೆಸುವುದೂ ಸುಲಭ. ನಮ್ಮ ಹೊಸ ಮನೆಯಲ್ಲಿ ಹಾಗೇ ಮಾಡಿದ್ದೇವೆ.

ನಲ್ಲಿ ಕೆಲಸ ಮೈಸೂರು

ಮೇಷ್ಟ್ರೇ, ಹೊಸ ಮನೆಗೆ ಸರಿ. ಹಳೇ ಗೋಡೆಯಲ್ಲಿ ಟ್ಯಾಂಕ್‌ಗೆ ಜಾಗ ಮಾಡಲು ಗೋಡೆ ಮುಂದೆ ಇನ್ನೊಂದು ಗೋಡೆ ಎಬ್ಬಿಸಬೇಕಾಗುತ್ತದೆ, ಉಳಿಯುವ ಜಾಗ ಅಲ್ಲಿಗೇ ಹೋಯಿತು. ಸೋರಿದರೆ ಟೈಲ್ಸ್ ಒಡೆಯುವ ಪರಿಸ್ಥಿತಿಯೂ ಬರಬಹುದು. ಇವರಿಗೆ ನೆಲದ ಮೇಲೆ ಕೂರುವ ಕಮೋಡ್ ಸಾಕು.

ಶಿವಮೊಗ್ಗದ ಅಣ್ಣನಿಗೆ ಆಂಗ್ಲೋ ಇಂಡಿಯನ್ ಬಗ್ಗೆ. ಅದರ ಅಂಚು ನೆಲದಿಂದ 15-16 ಇಂಚು ಮೇಲಿರುತ್ತದೆ. ಕಾಲಿಟ್ಟು ಕೂರಲೆಂದೇ ಮಾಡಿದ್ದು, ನಿಜ. ಆದರೆ 76 ವಯಸ್ಸಿನವರು ಒದ್ದೆ ಪಿಂಗಾಣಿ ಮೇಲೆ ಒಂದೊಂದೇ ಕಾಲು ಎತ್ತಿಟ್ಟು ಹತ್ತಬೇಕು, ಇಳಿಯುವಾಗ ಹಿಮ್ಮುಖವೋ ಮುಮ್ಮುಖವೋ ಗೊತ್ತಾಗದೆ ಇಳಿಯಬೇಕು. ನೆಲದ ಪ್ಯಾನ್‌ಗಿಂತ ಅದೇ ಹೆಚ್ಚು ಅಪಾಯ. ಮಾಮೂಲಿ ವೆಸ್ಟರ್ನ್ ಕಮೋಡ್ ಮೇಲಂತೂ ಯಾರೂ ಹತ್ತಿ ಕೂರಬಾರದು. ಪಿಂಗಾಣಿ ಒಡೆದರೆ ಚೂರು ಚಾಕುವಿನಂತೆ ಕುಯ್ಯುತ್ತದೆ. ಅಕ್ಕ, ಇದನ್ನು ಮಾವನವರಿಗೆ ಬಿಡಿಸಿ ಹೇಳಿ. ಯಾರೂ ಇಲ್ಲದಾಗ ಹತ್ತಿ ಕೂರುವವರೇ ಜಾಸ್ತಿ.

ಅಪ್ಪನ ಮಗಳು

ನಮ್ಮ ಅಪ್ಪನಿಗೆ ಪಾರ್ಶ್ವವಾಯು ಆದಮೇಲೆ ನಾನು ಕಲಿತದ್ದು ಹೇಳುತ್ತೇನೆ. ನಮ್ಮ ಬಚ್ಚಲಿನ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಒಂದು ದಿನ ಅಪ್ಪ ಒಳಗೆ ಕುಸಿದು ಬಾಗಿಲಿಗೆ ಅಡ್ಡವಾಗಿ ಬಿದ್ದರು. ತಳ್ಳಿದರೆ ಅವರ ಮೈಗೇ ತಾಗುತ್ತಿತ್ತು. ಕೊನೆಗೆ ಅಣ್ಣ ಕೀಲು ಬಿಚ್ಚಿ ಒಳಗೆ ಹೋದ. ಆ ಹತ್ತು ನಿಮಿಷ ನನಗೆ ಇವತ್ತಿಗೂ ಮರೆಯುವುದಿಲ್ಲ. ದಯವಿಟ್ಟು ಬಾಗಿಲು ಹೊರಕ್ಕೆ ತೆರೆಯುವ ಹಾಗೆ ಮಾಡಿಸಿ. ಒಳಗಿನ ಮೇಲಿನ ಚಿಲಕ ತೆಗೆಸಿ, ಹೊರಗಿನಿಂದಲೂ ತೆರೆಯಬಹುದಾದ ಲಾಕ್ ಹಾಕಿಸಿ. ಪ್ಯಾನೋ ಕಮೋಡೋ ಅನ್ನುವುದಕ್ಕಿಂತ ಮೊದಲು ಇದು.

ಹಾಸನದ ಸೊಸೆ

ಅಯ್ಯೋ, ಓದಿ ಕಣ್ಣು ತುಂಬಿ ಬಂತು. ನಮ್ಮದೂ ಒಳಕ್ಕೇ ತೆರೆಯುತ್ತದೆ. ಬಡಗಿಗೆ ಇವತ್ತೇ ಹೇಳಿದೆ.

ಅಣ್ಣ, ಇನ್ನೆರಡು ಪ್ರಶ್ನೆ. ಅಂಗಡಿಯವರು ವಯಸ್ಸಾದವರಿಗೆ ಅಂತ ಎತ್ತರದ ಕಮೋಡ್ ತೋರಿಸಿದರು, ಸೀಟ್ 18 ಇಂಚಿಗೆ ಬರುತ್ತದೆ. ಅದನ್ನೇ ತರಲಾ? ಮತ್ತೆ ಹಿಡಿಕೆ ಎಲ್ಲಿ ಹಾಕಿಸಲಿ?

ನಲ್ಲಿ ಕೆಲಸ ಮೈಸೂರು

ಅತ್ತೆಯವರ ಎತ್ತರ ಎಷ್ಟು?

ಹಾಸನದ ಸೊಸೆ

4 ಅಡಿ 10 ಇಂಚು. ಮಾವ ಐದೂವರೆ ಅಡಿ.

ನಲ್ಲಿ ಕೆಲಸ ಮೈಸೂರು

ಹಾಗಾದರೆ ಕಣ್ಣು ಮುಚ್ಚಿ ಎತ್ತರದ್ದು ತರಬೇಡಿ. ಎತ್ತರ ಇದ್ದಷ್ಟೂ ಏಳುವುದು ಸುಲಭ ಅನ್ನುವುದು ಪಾದ ನೆಲಕ್ಕೆ ಊರುವ ತನಕ ಮಾತ್ರ. ಗಿಡ್ಡ ಇರುವವರು 18 ಇಂಚಿನ ಸೀಟ್ ಮೇಲೆ ಕೂತರೆ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ತೊಡೆಯ ಕೆಳಗೆ ಸೀಟಿನ ಅಂಚು ಒತ್ತಿ ಕಾಲು ಜೋಮು ಹಿಡಿಯುತ್ತದೆ. ಏಳುವಾಗ ಮುಂದಕ್ಕೆ ಜಾರಬೇಕಾಗುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಿ. ಕುರ್ಚಿ, ಸ್ಟೂಲು ಯಾವುದಾದರೂ ತಗೊಂಡು ಮೇಲೆ ಹಲಗೆ ಇಟ್ಟು 15, 16, 17, 18 ಇಂಚಿಗೆ ತನ್ನಿ. ಅತ್ತೆಯವರನ್ನು ಬರಿಗಾಲಲ್ಲಿ ಒಂದೊಂದರ ಮೇಲೆ ಕೂರಿಸಿ ಏಳಿಸಿ. ಪಾದ ಪೂರ್ತಿ ಊರಬೇಕು, ಕೈ ಆಸರೆ ಕಡಿಮೆ ಬೇಕಾಗಬೇಕು. ಆ ಎತ್ತರವೇ ನಿಮ್ಮ ಅಳತೆ. ಮುಂದೆ ಆಪರೇಷನ್ ಆಗಿ ಎತ್ತರ ಬೇಕಾದರೆ ಸೀಟ್ ಮೇಲೆ ಕೂರಿಸುವ ಪ್ಲಾಸ್ಟಿಕ್ ರೈಸರ್ ಸಿಗುತ್ತದೆ. ಏರಿಸಬಹುದು, ಇಳಿಸಲು ಆಗುವುದಿಲ್ಲ.

ಹಿಡಿಕೆಗೆ ಬರೋಣ. ನಾಲ್ಕಡಿ ಅಗಲದಲ್ಲಿ ಎಲ್ಲರೂ ಕಮೋಡನ್ನು ನಟ್ಟ ನಡುವೆ ಇಡುತ್ತಾರೆ. ಆಗ ಎರಡೂ ಗೋಡೆ 24 ಇಂಚು ದೂರ, ಯಾವ ಹಿಡಿಕೆಯೂ ಕೈಗೆ ಸರಿಯಾಗಿ ಸಿಗುವುದಿಲ್ಲ. ಅತ್ತೆಯವರ ಗಟ್ಟಿ ಕೈ ಇರುವ ಕಡೆಯ ಗೋಡೆಯಿಂದ ಕಮೋಡ್‌ನ ನಡುಗೆರೆ 16 ಇಂಚಿಗೆ ಬರಲಿ. ಆ ಗೋಡೆಗೆ ಒಂದು ಅಡ್ಡ ಹಿಡಿಕೆ, ಸೀಟಿನಿಂದ ಸುಮಾರು 9-10 ಇಂಚು ಮೇಲೆ. ಕೂತಾಗ ಮೊಣಕೈ ಎಲ್ಲಿ ಬರುತ್ತದೋ ಅಲ್ಲಿ. ವಯಸ್ಸಾದವರು ಏಳುವಾಗ ಒತ್ತಿ ಏಳುತ್ತಾರೆ, ಅದಕ್ಕೆ ಅಡ್ಡ ಹಿಡಿಕೆ. ಮಂಡಿಗಿಂತ ಸ್ವಲ್ಪ ಮುಂದೆ ಒಂದು ನೆಟ್ಟನೆಯದು ಹಾಕಿದರೆ ಹಿಡಿದು ಎಳೆದುಕೊಳ್ಳಬಹುದು. ಇನ್ನೊಂದು ಕಡೆ ಉಳಿಯುವ ಜಾಗದಲ್ಲಿ ನೀವು ನಿಂತು ಆಸರೆ ಕೊಡಬಹುದು, ವಾಕರ್ ಕೂಡ ಇಡಬಹುದು.

ನಿಮ್ಮ ಟವೆಲ್ ರಾಡ್ ಕಿತ್ತುಬಂದದ್ದು ಬಟ್ಟೆ ಹಾಕಲು ಕೂರಿಸಿದ ಸಣ್ಣ ಮೊಳೆಯಿಂದ. ಹಿಡಿಕೆಯ ಸ್ಕ್ರೂ ಗಾರೆ ದಾಟಿ ಇಟ್ಟಿಗೆ ಒಳಗೆ ಹೋಗಬೇಕು, ಎರಡು ಇಟ್ಟಿಗೆ ಸೇರುವ ಸಂದಿಯಲ್ಲಿ ಅಲ್ಲ. ಹಾಕಿದ ಮೇಲೆ ನಿಮ್ಮ ಯಜಮಾನರು ಪೂರ್ತಿ ಮೈಭಾರ ಹಾಕಿ ಜಗ್ಗಿ ನೋಡಲಿ. ಆಮೇಲೆ ಅತ್ತೆಯವರು ಮುಟ್ಟಲಿ.

ಹೆಲ್ತ್ ಫಾಸೆಟ್ ಬಗ್ಗೆಯೂ ಒಂದು ಮಾತು. ಅದನ್ನು ಟ್ಯಾಂಕ್ ಪಕ್ಕ, ಬೆನ್ನ ಹಿಂದೆ ಹಾಕುತ್ತಾರೆ. ಭುಜ ನೋಯುವವರು ಅಷ್ಟು ತಿರುಗಲಾರರು. ಕೂತಾಗ ತೊಡೆಯ ಪಕ್ಕಕ್ಕೆ ಸಿಗುವಂತೆ ಮುಂದಕ್ಕೆ ತನ್ನಿ.

ಬೆಳಗಿನ ನಡಿಗೆ

ಎಲ್ಲರೂ ಅತ್ತೆಯ ಬಗ್ಗೆಯೇ ಮಾತಾಡುತ್ತಿದ್ದೀರಿ. ಮಾವನವರ ಹೊಟ್ಟೆಯ ಕಥೆ ಏನು?

ತಾಲ್ಲೂಕು ಆಸ್ಪತ್ರೆಯ ಸಿಸ್ಟರ್

ಸರಿಯಾಗಿ ಕೇಳಿದಿರಿ. ಕಮೋಡ್ ಮುಂದೆ 7-8 ಇಂಚಿನ ಕಾಲುಮಣೆ ಇಟ್ಟು, ಎರಡೂ ಪಾದ ಅದರ ಮೇಲಿಟ್ಟು, ಮೊಣಕೈ ತೊಡೆಯ ಮೇಲೆ ಊರಿ ಮುಂದಕ್ಕೆ ಬಾಗಿ ಕೂರಬೇಕು. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಕುಕ್ಕುರುಗಾಲಿಗೆ ಹತ್ತಿರವಾಗುತ್ತದೆ. ಪೂರ್ತಿ ಅದರಂತೆಯೇ ಆಗುವುದಿಲ್ಲ, ಆದರೆ ಎಷ್ಟೋ ಜನರಿಗೆ ಸಾಕಾಗುತ್ತದೆ. ಎರಡು ಮೂರು ವಾರ ಸಮಯ ಕೊಡಿ. ಮರದ ಮಣೆ ಒದ್ದೆಯಾಗಿ ಜಾರುತ್ತದೆ, ಕೆಳಗೆ ರಬ್ಬರ್ ಇರುವುದು ತನ್ನಿ. ಅವರ ಕೆಲಸ ಆದಮೇಲೆ ಮಣೆ ಗೋಡೆಗೆ ಒರಗಿಸಿಡಬೇಕು. ರಾತ್ರಿ ಅತ್ತೆಯವರ ಕಾಲಿಗೆ ತೊಡರಬಾರದು.

ಹಾಸನದ ಸೊಸೆ

ಆರು ವಾರ ಆಯಿತು. ಕೇಳಿದವರೆಲ್ಲರಿಗೂ ಹೇಳಬೇಕು ಅನಿಸಿತು.

ಕೆಲಸಕ್ಕೆ ಆರು ದಿನ ಹಿಡಿಯಿತು. ಕಟ್ಟೆ ಒಡೆದು ಟ್ರ್ಯಾಪ್ ತೆಗೆಯಲು ಒಂದು ದಿನ, ಪೈಪಿಗೆ ಒಂದು ದಿನ. ವಾಟರ್‌ಪ್ರೂಫ್ ಹಚ್ಚಿ 24 ಗಂಟೆ ನೀರು ನಿಲ್ಲಿಸಿದೆವು. ಆಮೇಲೆ ಜಾರದ ಟೈಲ್ಸ್. ಅಷ್ಟೂ ದಿನ ಪಕ್ಕದ ಮನೆಯವರು ಅವರ ಬಚ್ಚಲು ಕೊಟ್ಟರು. ಮೇಸ್ತ್ರಿ ಒಡೆದ ನೆಲದಿಂದಲೇ 7 ಇಂಚು ಅಳೆಯಲು ಹೋದರು. ನಾನು ಕಮೋಡ್ ತಂದು ಪಕ್ಕದಲ್ಲಿಟ್ಟು ಟೈಲ್ಸ್ ತುಂಡು ಕೆಳಗಿಟ್ಟು ತೋರಿಸಿದೆ. ಸುಮ್ಮನೆ ಒಪ್ಪಿಕೊಂಡರು.

ಅತ್ತೆಗೆ 16 ಇಂಚು ಸರಿಹೋಯಿತು. ಈಗ ರಾತ್ರಿ ಅವರೇ ಎದ್ದು ಹೋಗಿ ಬರುತ್ತಾರೆ, ನನ್ನನ್ನು ಕರೆಯುವುದಿಲ್ಲ. ಬಾಗಿಲು ಹೊರಕ್ಕೆ ತೆರೆಯುತ್ತದೆ.

ಮಾವ ಮಣೆ ಇಟ್ಟುಕೊಂಡು ವಾರದಲ್ಲಿ ನಾಲ್ಕು ದಿನ ಇಲ್ಲೇ ಹೋಗುತ್ತಾರೆ. ಉಳಿದ ದಿನ ವಾಕಿಂಗ್ ನೆಪದಲ್ಲಿ ತಮ್ಮನ ಮನೆಗೆ ಹೋಗಿ ಬರುತ್ತಾರೆ, ಅಲ್ಲಿ ಹಳೇ ಪ್ಯಾನ್ ಇದೆ. ನಮಗೆ ಗೊತ್ತು ಅಂತ ಅವರಿಗೂ ಗೊತ್ತು. ಯಾರೂ ಏನೂ ಹೇಳುತ್ತಿಲ್ಲ. ಮಳೆಗಾಲದಲ್ಲಿ ಆ ದಾರಿ ಕೆಸರಾಗುತ್ತದೆ, ಅದೊಂದೇ ಚಿಂತೆ. ಸಿಸ್ಟರ್, ಮಣೆ ಇನ್ನೊಂದು ಇಂಚು ಎತ್ತರದ್ದು ತಂದರೆ ಪ್ರಯೋಜನ ಆಗಬಹುದಾ?